ಒಂದೇ ಅಪ್ಪ-ಅಮ್ಮ, ನಾನು "ಎರಡೂ" ಅನ್ನುತ್ತೇನೆ, ತಮ್ಮ "ಒಂದೇ" ಅನ್ನುತ್ತಾನೆ. ಹೀಗೇಕೆ?

ಎರಡುಮನೆ (ಚರ್ಚೆ ಆರಂಭಿಸಿದವರು)

ನನಗೆ 31, ತಮ್ಮನಿಗೆ 27. ಅಮ್ಮ ಒಂದು ಸಮುದಾಯದವರು, ಅಪ್ಪ ಇನ್ನೊಂದು ಸಮುದಾಯದವರು. ಭಾಷೆ ಬೇರೆ, ನಂಬಿಕೆ ಬೇರೆ. ಮುಖ ನೋಡಿದರೇ ಯಾವ ಕಡೆಯವರೆಂದು ಜನ ಹೇಳಿಬಿಡುವಷ್ಟು ಚಹರೆಯೂ ಬೇರೆ. ಯಾವ ಸಮುದಾಯಗಳೆಂದು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮಾತು ಆ ಎರಡರಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಎನ್ನುವ ಕಡೆಗೆ ಹೊರಳುತ್ತದೆ. ನಾವು ಬೆಳೆದದ್ದು ಅಪ್ಪನ ಕಡೆಯವರೇ ಹೆಚ್ಚಾಗಿರುವ ಜಾಗದಲ್ಲಿ.

ಕಳೆದ ತಿಂಗಳು ತಮ್ಮ ಒಂದು ಅರ್ಜಿ ತುಂಬುತ್ತಿದ್ದ. ಸಮುದಾಯ ಎನ್ನುವ ಕಡೆ ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಅವಕಾಶವಿತ್ತು. ಅವನು ಅಪ್ಪನದ್ದಕ್ಕೆ ಮಾತ್ರ ಗುರುತು ಹಾಕಿದ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು. ಆಮೇಲೆ ನಾನು ಅವನ ಮೇಲೆ ರೇಗಾಡಿದೆ. "ಅಮ್ಮನನ್ನೇ ಅಳಿಸಿಬಿಟ್ಟೆಯಲ್ಲೋ" ಅಂದೆ. ಅವನು ಜಗಳಕ್ಕೆ ಬರಲಿಲ್ಲ. "ಅಕ್ಕ, ನಿನಗೆ ಎರಡು ಮನೆ ಇತ್ತು. ನನಗೆ ಒಂದೇ ಇತ್ತು" ಅಂದ, ಅಷ್ಟೇ.

ಆ ಮಾತು ಅಂದಿನಿಂದ ಕೊರೆಯುತ್ತಿದೆ. ಒಂದೇ ಸೂರಿನಡಿ, ಒಂದೇ ಅಪ್ಪ-ಅಮ್ಮನ ಕೈಯಲ್ಲಿ ಬೆಳೆದವರು ನಾವು. ನಾನು ಚಿಕ್ಕಂದಿನಿಂದಲೂ "ಎರಡೂ ಕಡೆಯವಳು" ಎಂದೇ ಹೇಳಿಕೊಂಡವಳು. ಅವನಿಗೆ ಯಾಕೆ ಹಾಗನ್ನಿಸಲಿಲ್ಲ? ಇದು ಅವನ ಆಯ್ಕೆಯೋ, ಅಥವಾ ಅವನಿಗೆ ಏನೋ ಸಿಗದೇ ಹೋಯಿತೋ? ಇಂಥ ಮನೆಗಳಲ್ಲಿ ಬೆಳೆದವರು, ಇದನ್ನು ಓದಿ ಬಲ್ಲವರು ದಯವಿಟ್ಟು ಹೇಳಿ.

---

ನೇರನುಡಿ

ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ನಿಮ್ಮ ತಮ್ಮ ಮಾಡಿದ್ದೇ ಸರಿ. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರುವುದಿಲ್ಲ. ಸಮಾಜಶಾಸ್ತ್ರದಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ: "ಅಂಚಿನ ಮನುಷ್ಯ". ರಾಬರ್ಟ್ ಪಾರ್ಕ್ 1928ರಲ್ಲಿ ಬರೆದರು, ಅವರ ಶಿಷ್ಯ ಸ್ಟೋನ್‌ಕ್ವಿಸ್ಟ್ 1937ರಲ್ಲಿ ಅದನ್ನೇ ವಿಸ್ತರಿಸಿದರು. ಎರಡು ಗುಂಪುಗಳ ನಡುವೆ ನಿಂತವನಿಗೆ ಎರಡರಲ್ಲೂ ಪೂರ್ತಿ ಜಾಗವಿಲ್ಲ, ಆ ಒಳಗುದಿ ಅವನನ್ನು ಜೀವನವಿಡೀ ಬಿಡುವುದಿಲ್ಲ ಎಂಬುದು ಅವರ ವಾದ. ಹದಿಹರೆಯದಲ್ಲೇ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರೆ ಆ ಸಂಕಟ ತಪ್ಪುತ್ತದೆ. ನಿಮ್ಮ ತಮ್ಮ ನಿಂತಿದ್ದಾನೆ. ಅವನನ್ನು ಅಲ್ಲಿಂದ ಎಳೆಯಬೇಡಿ.

---

ಪುಟ್ಟಿಯಮ್ಮ

ನನ್ನದೂ ಇದೇ ಪ್ರಶ್ನೆ! ನನ್ನ ಮಗಳಿಗೆ ಈಗ ಎರಡೂವರೆ ವರ್ಷ. ನಾನೂ ನನ್ನ ಗಂಡನೂ ಬೇರೆ ಬೇರೆ ಸಮುದಾಯ, ಬೇರೆ ಭಾಷೆ. ಮಗುವಿಗೆ ಯಾರ ಕಡೆಯ ಹೆಸರಿಡಬೇಕು ಅಂತ ಆಗ ಎರಡು ಮನೆಯಲ್ಲೂ ದೊಡ್ಡ ರಾದ್ಧಾಂತ ಆಗಿತ್ತು. ಈಗ ಭಾಷೆಯದ್ದು ಶುರುವಾಗಿದೆ. ಎರಡು ಭಾಷೆ ಆಡಿಸಿದರೆ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದಂತೆ, ಹೌದಾ? ನಮ್ಮತ್ತೆ ಹಾಗೇ ಹೇಳುತ್ತಾರೆ. ನೇರನುಡಿಯವರು ಹೇಳಿದ್ದು ಓದಿ ಇನ್ನೂ ಹೆದರಿಕೆಯಾಯಿತು. ಈಗಲೇ ಒಂದನ್ನು ಬಿಟ್ಟುಬಿಡಬೇಕಾ?

---

ಕೇಳುವಕಿವಿ

ಪುಟ್ಟಿಯಮ್ಮ ಅವರೇ, ಮೊದಲು ನಿಮಗೆ, ಯಾಕೆಂದರೆ ನಿಮ್ಮದು ತುರ್ತು. ಬಿಡಬೇಡಿ. ಎರಡು ಭಾಷೆ ಕೇಳಿಸಿಕೊಂಡು ಬೆಳೆಯುವುದರಿಂದ ಮಾತು ಬರುವುದು ತಡವಾಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಪ್ರತ್ಯೇಕವಾಗಿ ಎಣಿಸಿದರೆ ಮಗುವಿನ ಪದಗಳು ಕಡಿಮೆ ಕಾಣುತ್ತವೆ, ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಯಾಗುತ್ತದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದೂ ಗೊಂದಲದ ಗುರುತಲ್ಲ. ಕೈಗೆ ಸಿಕ್ಕ ಪದವನ್ನು ಮಗು ಬಳಸುತ್ತದೆ, ಅಷ್ಟೇ. ಹಾಗಂತ ಎರಡು ಭಾಷೆಯ ಮಗುವಿಗೆ ಮಾತಿನ ತೊಂದರೆ ಬರುವುದೇ ಇಲ್ಲ ಎಂದಲ್ಲ. ಎರಡರಲ್ಲೂ ಮಾತು ಹಿಂದುಳಿದಂತೆ ಕಂಡರೆ ತೋರಿಸಿ. ಆದರೆ ಆಗಲೂ ಒಂದು ಭಾಷೆಯನ್ನು ಕಿತ್ತುಹಾಕುವುದು ಅದಕ್ಕೆ ಮದ್ದಲ್ಲ.

ಈಗ ಮೂಲ ಪ್ರಶ್ನೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಪ್ತಸಮಾಲೋಚನೆ ಮಾಡಿದವಳು, ಇಂಥ ಮನೆಗಳ ಮಕ್ಕಳನ್ನು ತುಂಬಾ ನೋಡಿದ್ದೇನೆ. ನೇರನುಡಿಯವರು ಹೇಳಿದ ಪಾರ್ಕ್ ಅವರ ಬರಹ ಇರುವುದು ನಿಜ, ಅವರು ಹಾಗೆ ವಾದಿಸಿದ್ದೂ ನಿಜ. ಹದಿಹರೆಯದಲ್ಲಿ ಒಂದು ಕಡೆ ವಾಲುವುದು ಸಾಮಾನ್ಯ ಎನ್ನುವುದೂ ನಿಜ. ಆದರೆ ಸಂಕಟ ಬರುವುದು ಎರಡು ಮೂಲ ಇರುವುದರಿಂದಲೇ ಎಂದು ತಿಳಿದರೆ ತಪ್ಪು. ಎರಡೂ ಮನೆ ಬಾಗಿಲು ತೆರೆದಿಟ್ಟಿದ್ದಲ್ಲಿ ಮಕ್ಕಳು ಒಳಗುದಿಯಿಲ್ಲದೆ ಬೆಳೆದದ್ದನ್ನು ಕಂಡಿದ್ದೇನೆ. ಬಾಗಿಲು ಮುಚ್ಚಿದ್ದಲ್ಲಿ ಒಂದೇ ಗುರುತು ಹಿಡಿದುಕೊಂಡರೂ ಒಳಗೆ ಕುದಿಯುತ್ತಲೇ ಇರುವವರನ್ನೂ ಕಂಡಿದ್ದೇನೆ. ಸಂಕಟವನ್ನು ಹುಟ್ಟಿಸುವುದು ಸುತ್ತಲಿನವರು ನಡೆದುಕೊಳ್ಳುವ ರೀತಿ.

ಅಣ್ಣ-ತಮ್ಮ, ಅಕ್ಕ-ತಂಗಿ ಬೇರೆ ಬೇರೆ ಗುರುತು ಹೇಳುವುದು ಅಪರೂಪವೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮರಿಯಾ ರೂಟ್ ತೊಂಬತ್ತರ ದಶಕದಲ್ಲಿ ಬೆರೆತ ಮೂಲದವರ ಹಕ್ಕುಗಳು ಅಂತ ಒಂದು ಪಟ್ಟಿ ಮಾಡಿದರು. ಅಪರಿಚಿತರು ಊಹಿಸಿದ್ದಕ್ಕಿಂತ ಬೇರೆಯಾಗಿ ನನ್ನನ್ನು ಗುರುತಿಸಿಕೊಳ್ಳುವ ಹಕ್ಕು, ಹೆತ್ತವರು ಕರೆದದ್ದಕ್ಕಿಂತ ಬೇರೆಯಾಗಿ ಗುರುತಿಸಿಕೊಳ್ಳುವ ಹಕ್ಕು, ಒಡಹುಟ್ಟಿದವರಿಗಿಂತ ಬೇರೆಯಾಗಿ ಗುರುತಿಸಿಕೊಳ್ಳುವ ಹಕ್ಕು ಎಲ್ಲವೂ ಅದರಲ್ಲಿವೆ. ಇದೇ ಪ್ರಶ್ನೆ ಇಟ್ಟುಕೊಂಡು ಅವರು ಬೆರೆತ ಮೂಲದ ಒಡಹುಟ್ಟಿದವರನ್ನೇ ಅಧ್ಯಯನ ಮಾಡಿದರು. ಅದರಲ್ಲಿ ಎದ್ದು ಕಂಡ ಅನುಭವಗಳಲ್ಲಿ ಒಂದು, ತನ್ನದೇ ಅಂದುಕೊಂಡ ಗುಂಪು "ನೀನು ನಿಜವಾಗಿ ನಮ್ಮವನಾ?" ಎಂದು ಪರೀಕ್ಷೆಗೆ ಒಡ್ಡುವುದು. ಪರೀಕ್ಷೆ ಎದುರಿಸಿದ ಮಗು, ಎದುರಿಸದ ಮಗು ಒಂದೇ ಮನೆಯಲ್ಲಿ ಇರಬಹುದು.

ಎರಡುಮನೆ, ನಿಮಗೆ ಮೂರು ಪ್ರಶ್ನೆ. ತಮ್ಮನಿಗೆ ಅಮ್ಮನ ಭಾಷೆ ಬರುತ್ತದಾ? ನಿಮ್ಮಿಬ್ಬರ ಮುಖಚಹರೆ ಒಂದೇ ಥರ ಇದೆಯಾ? ಅಮ್ಮನ ಕಡೆಯವರ ಜೊತೆ ಅವನಿಗೆ ಎಂದಾದರೂ ಏನಾದರೂ ಆಗಿತ್ತಾ?

---

ಎರಡುಮನೆ

ಮೇಡಂ, ಇದನ್ನೆಲ್ಲ ನಾನು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಚಹರೆಯಲ್ಲಿ ಅವನು ಅಪ್ಪನ ಪಡಿಯಚ್ಚು, ನಾನು ನಡುವೆ. ನನ್ನನ್ನು ನೋಡಿದವರು "ನೀವು ಯಾವ ಕಡೆಯವರು?" ಎಂದು ಕೇಳುತ್ತಾರೆ, ಅವನನ್ನು ಯಾರೂ ಕೇಳುವುದಿಲ್ಲ.

ಭಾಷೆ: ನನಗೆ ಬರುತ್ತದೆ, ಅವನಿಗೆ ಇಲ್ಲ. ಕೇಳಿದರೆ ಸ್ವಲ್ಪ ಅರ್ಥವಾಗಬಹುದೇನೋ, ಆಡುವುದಿಲ್ಲ. ನಾನು ಹುಟ್ಟಿದಾಗಿನಿಂದ ಅಮ್ಮನ ಅಮ್ಮ ನಮ್ಮ ಜೊತೆಗಿದ್ದರು. ಅಜ್ಜಿಗೆ ಬೇರೆ ಭಾಷೆ ಬರುತ್ತಲೇ ಇರಲಿಲ್ಲ. ಹಾಗಾಗಿ ಮನೆಯಲ್ಲಿ ಆ ಭಾಷೆ ಆಡಲೇಬೇಕಿತ್ತು. ನನಗೆ ಏಳು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರು. ಆಗ ತಮ್ಮನಿಗೆ ಮೂರು.

ಅಮ್ಮನ ಕಡೆಯವರ ಜೊತೆ ಏನಾದರೂ ಆಗಿತ್ತಾ ಅಂದರೆ ನನಗೆ ನೆನಪಾಗುತ್ತಿಲ್ಲ. ಅವರು ಒಳ್ಳೆಯವರು. ಸೋದರಮಾವಂದಿರು ಇಬ್ಬರಿಗೂ ಸಮನಾಗಿ ಪ್ರೀತಿ ಕೊಟ್ಟಿದ್ದಾರೆ.

---

ಅಂಕಿಲೆಕ್ಕ

ನಾನು ಸಮೀಕ್ಷೆಗಳ ಕೆಲಸ ಮಾಡುವವನು. ಆ ಅರ್ಜಿಯ ಬಗ್ಗೆ ಮಾತ್ರ ಒಂದು ಮಾತು. ಕಾಗದದ ಮೇಲಿನ ಗುರುತನ್ನು ಮನಸ್ಸಿನ ಗುರುತು ಎಂದುಕೊಳ್ಳಬೇಡಿ.

ಅಮೆರಿಕದಲ್ಲಿ ಹದಿಹರೆಯದವರ ಆರೋಗ್ಯದ ಬಗ್ಗೆ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಅದರಲ್ಲಿ ಮಕ್ಕಳನ್ನು ಶಾಲೆಯಲ್ಲೂ ಕೇಳಿದ್ದರು, ಮನೆಯಲ್ಲೂ ಕೇಳಿದ್ದರು. ಹ್ಯಾರಿಸ್ ಮತ್ತು ಸಿಮ್ ಎಂಬ ಇಬ್ಬರು ಸಂಶೋಧಕರು ಆ ಎರಡು ಉತ್ತರಗಳನ್ನು ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಜನಾಂಗ ಎಂದು ಹೇಳಿಕೊಂಡವರು ಶಾಲೆಯಲ್ಲಿ ಶೇ. 6.8, ಮನೆಯಲ್ಲಿ ಶೇ. 3.6. ಎರಡೂ ಕಡೆ ಹಾಗೆಯೇ ಹೇಳಿದವರು ಶೇ. 1.6 ಮಾತ್ರ. ಅವೇ ಮಕ್ಕಳು. ಶಾಲೆಯಲ್ಲಿ ತಾವೇ ಕಾಗದ ತುಂಬಿದ್ದರು, ಮನೆಯಲ್ಲಿ ಎದುರಿಗೆ ಕೂತವರೊಬ್ಬರು ಕೇಳಿದ್ದರು. ಎಲ್ಲಿ, ಯಾರು, ಯಾರ ಮುಂದೆ ಕೇಳಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಇನ್ನೊಂದು ಉದಾಹರಣೆ. ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಬಿಟ್ಟದ್ದು 2000ರಲ್ಲಿ. ಆಗ ಹಾಗೆ ಮಾಡಿದವರು ಶೇ. 2.4, 2020ರಲ್ಲಿ ಶೇ. 10.2. ಬೆರೆತ ಮೂಲದವರು ಇಪ್ಪತ್ತು ವರ್ಷದಲ್ಲಿ ನಾಲ್ಕು ಪಟ್ಟಾದರು ಎಂದು ಓದಿಕೊಂಡರೆ ತಪ್ಪಾಗುತ್ತದೆ. ಆ ಏರಿಕೆಯಲ್ಲಿ ಒಂದು ಪಾಲು ಪ್ರಶ್ನೆಯ ವಿನ್ಯಾಸ ಮತ್ತು ಉತ್ತರಗಳನ್ನು ವಿಂಗಡಿಸುವ ಕ್ರಮ ಬದಲಾದದ್ದರಿಂದ ಬಂದದ್ದು. ನಿಮ್ಮ ತಮ್ಮ ಬೇರೊಂದು ದಿನ ಬೇರೆ ಗುರುತು ಹಾಕಿಯಾನು. ಅದರಿಂದ ಅವನು ಸುಳ್ಳುಗಾರನಾಗುವುದಿಲ್ಲ.

---

ಹೊಸಿಲಾಚೆ

ಇಲ್ಲಿ ಎಲ್ಲರೂ ಹಕ್ಕು, ಆಯ್ಕೆ ಅನ್ನುತ್ತಿದ್ದೀರಿ. ಆಯ್ಕೆ ಇದ್ದವರ ಮಾತು ಅದು.

ನನ್ನ ಚಹರೆ ಪೂರ್ತಿ ಅಮ್ಮನ ಕಡೆಯದು. ಅಪ್ಪನ ಭಾಷೆ ನನಗೆ ಅವರ ಅಣ್ಣತಮ್ಮಂದಿರಷ್ಟೇ ಚೆನ್ನಾಗಿ ಬರುತ್ತದೆ, ಅಪ್ಪನ ಮನೆಹೆಸರು ನನ್ನದು, ನಾನು ಬೆಳೆದದ್ದೂ ಅವರ ನಡುವೆಯೇ. ಆದರೂ ಎಲ್ಲಿ ಹೋದರೂ ಮೊದಲ ಪ್ರಶ್ನೆ "ನಿಜವಾಗಿ ನೀನು ಎಲ್ಲಿಯವನು?" ಹೇಳಿದರೆ ನಂಬುವುದಿಲ್ಲ. ನನ್ನ ಬಾಯಿಂದ ಅವರ ಭಾಷೆ ಕೇಳಿದಾಗ ಅವರಿಗೆ ಆಗುವ ಬೆರಗೇ ನನಗೊಂದು ಪೆಟ್ಟು. ಹೊಗಳುತ್ತಾರೆ, "ಎಷ್ಟು ಚೆನ್ನಾಗಿ ಕಲಿತಿದ್ದೀಯ" ಅಂತ. ಅದು ನಾನು ಕಲಿತದ್ದಲ್ಲ, ನನ್ನ ಮೊದಲ ಮಾತು.

ಈಗ 35 ವರ್ಷ. ಅಪ್ಪನ ಕಡೆಯವನು ಎಂದು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ಒಳಗೆ ಏನಾಗಿದ್ದೇನೋ ಅದನ್ನು ದಿನಾ ಹೊರಗೆ ಸಾಬೀತು ಮಾಡುತ್ತಾ ಇರಲು ಆಗುವುದಿಲ್ಲ. ಇದನ್ನು ಆಯ್ಕೆ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

---

ಕೇಳುವಕಿವಿ

ಹೊಸಿಲಾಚೆ ಅವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಹಕ್ಕು ಎನ್ನುವ ಪದವನ್ನು ನಾನು ಸಲೀಸಾಗಿ ಬಳಸಿದೆ. ನೀವು ನಿಮ್ಮದು ಅಂದುಕೊಂಡದ್ದನ್ನು ಇನ್ನೊಬ್ಬರು "ಅಲ್ಲ" ಎನ್ನುವುದಕ್ಕೆ ಮನಶ್ಶಾಸ್ತ್ರದಲ್ಲಿ ಗುರುತಿನ ನಿರಾಕರಣೆ ಎನ್ನುತ್ತಾರೆ. ಅದನ್ನು ಎದುರಿಸಿದವರು ತಾವು ಆ ಗುಂಪಿಗೆ ಸೇರಿದವರು ಎಂದು ತೋರಿಸಲು ಇನ್ನಷ್ಟು ಶ್ರಮ ಪಡುತ್ತಾರೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನೀವು ಆ ಶ್ರಮ ಸಾಕು ಅಂದುಕೊಂಡ ಹಂತಕ್ಕೆ ಬಂದಿದ್ದೀರಿ. ಅದನ್ನು ದಾಟಿಸುವ ಉಪಾಯ ನನ್ನ ಬಳಿ ಇಲ್ಲ. ಸುತ್ತಲಿನವರು ಬದಲಾಗದೆ ನಿಮ್ಮೊಬ್ಬರ ಮನಸ್ಸನ್ನು ಸರಿಪಡಿಸಿಕೊಂಡು ಆಗುವ ಕೆಲಸ ಅದಲ್ಲ.

ಇಲ್ಲಿ ಎಲ್ಲರಿಗೂ ಉಪಯೋಗವಾಗಬಹುದಾದ ಒಂದು ವಿಂಗಡಣೆ ಹೇಳುತ್ತೇನೆ. ನಾನು ಕುಟುಂಬಗಳ ಜೊತೆ ಕೂತಾಗ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ವೆರೋನಿಕಾ ಬೆನೆಟ್-ಮಾರ್ಟಿನೆಜ್ ಮತ್ತು ಅವರ ಜೊತೆಯವರು ಎರಡು ಸಂಸ್ಕೃತಿಗಳ ನಡುವೆ ಬದುಕುವವರನ್ನು ಬಹಳ ಕಾಲ ಅಧ್ಯಯನ ಮಾಡಿದರು. "ಎರಡೂ ನನ್ನೊಳಗೆ ಹೊಂದಿಕೊಂಡಿಲ್ಲ" ಎನ್ನುವ ಒಂದೇ ಮಾತಿನ ಹಿಂದೆ ಎರಡು ಬೇರೆ ಸಂಗತಿಗಳಿವೆ ಎಂದು 2005ರ ಹೊತ್ತಿಗೆ ಅವರಿಗೆ ಕಂಡಿತು. ಒಂದು ದೂರ, ಇನ್ನೊಂದು ತಿಕ್ಕಾಟ.

ದೂರ ಅಂದರೆ ಎರಡೂ ಬೇರೆ ಬೇರೆ ಕೋಣೆಗಳಲ್ಲಿ ಇರುವುದು. ಒಂದರಲ್ಲಿದ್ದಾಗ ಇನ್ನೊಂದು ಕೈಗೆ ಸಿಗುವುದಿಲ್ಲ. ತಿಕ್ಕಾಟ ಅಂದರೆ ಒಂದನ್ನು ಹಿಡಿದರೆ ಇನ್ನೊಂದಕ್ಕೆ ದ್ರೋಹ ಮಾಡಿದಂತೆ ಅನ್ನಿಸುವುದು. ದೂರ ಹೆಚ್ಚಿರುವವರಲ್ಲಿ ಭಾಷೆಯ ಕೊರತೆ, ಆ ಸಂಸ್ಕೃತಿಯ ಜನರಿಂದ ದೂರವಾಗಿರುವುದು ಹೆಚ್ಚು ಕಂಡಿತು. ತಿಕ್ಕಾಟ ಹೆಚ್ಚಿರುವವರಲ್ಲಿ ಭೇದಭಾವ ಅನುಭವಿಸಿದ್ದು, ಸಂಬಂಧಗಳು ಹಳಸಿದ್ದು ಹೆಚ್ಚು ಕಂಡಿತು. ಅವರು ನೋಡಿದ್ದು ಮುಖ್ಯವಾಗಿ ವಲಸೆ ಬಂದ ಕುಟುಂಬದವರನ್ನು, ಹುಟ್ಟಿನಿಂದಲೇ ಎರಡು ಮೂಲ ಇರುವವರನ್ನಲ್ಲ. ಅದನ್ನು ಮರೆಯದೆ ಬಳಸಬೇಕು. ಆದರೂ ನನ್ನ ಅನುಭವದಲ್ಲಿ ಈ ಎರಡನ್ನು ಬೇರ್ಪಡಿಸಿ ಕೇಳಿದ ತಕ್ಷಣ ಮನೆಯವರ ಮಾತು ಸ್ಪಷ್ಟವಾಗುತ್ತದೆ. ಹೊಸಿಲಾಚೆ ಅವರಿಗೆ ದೂರ ಇಲ್ಲವೇ ಇಲ್ಲ, ಬರೀ ತಿಕ್ಕಾಟ. ಎರಡುಮನೆ ಅವರ ತಮ್ಮನಿಗೆ ಯಾವುದು?

ಹೇಗೆ ತಿಳಿಯುವುದು ಅಂದರೆ, ಅಮ್ಮನ ಕಡೆಯ ವಿಷಯ ಬಂದಾಗ ಅವನು ಮುಖ ತಿರುಗಿಸುತ್ತಾನೋ ಅಥವಾ ಖಾಲಿಯಾಗುತ್ತಾನೋ ನೋಡಿ. ಮುಖ ತಿರುಗಿಸುವವನಿಗೆ ನೋವಿದೆ. ಖಾಲಿಯಾಗುವವನಿಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಕೊಟ್ಟಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು.

---

ನೇರನುಡಿ

ಮೇಡಂ, ನೀವು ಹೇಳಿದ್ದು ಓದಿದೆ. ಒಪ್ಪುತ್ತೇನೆ, ಪಾರ್ಕ್ ಕಾಲದ ಮಾತನ್ನು ಹಾಗೇ ಎತ್ತಿ ತರಬಾರದಿತ್ತು. ಆದರೆ ಹದಿಹರೆಯದವರಿಗೆ "ನೀನು ಎರಡೂ" ಎಂದು ಮನೆಯವರು ಹೇರುವುದೂ ಹೇರಿಕೆಯೇ ಅಲ್ಲವೇ? ಒಂದನ್ನು ಮಾತ್ರ ಆರಿಸಿಕೊಂಡವರನ್ನು ಇನ್ನೂ ಬೆಳೆಯದವರು, ಏನನ್ನೋ ಅಲ್ಲಗಳೆಯುತ್ತಿರುವವರು ಎಂದು ನೋಡುವ ಸಿದ್ಧಾಂತಗಳು ನನಗೆ ಸರಿಬರುವುದಿಲ್ಲ.

---

ಕೇಳುವಕಿವಿ

ಈ ಮಾತು ಪೂರ್ತಿ ಸರಿ. 1990ರಲ್ಲಿ ಪೋಸ್ಟನ್ ಎಂಬವರು ಐದು ಹಂತಗಳ ಒಂದು ಮಾದರಿ ಕೊಟ್ಟರು, ಅದರ ಕೊನೆಯ ಮೆಟ್ಟಿಲು ಎರಡನ್ನೂ ಒಗ್ಗೂಡಿಸಿಕೊಳ್ಳುವುದು. ಅದನ್ನು ಓದಿದರೆ ಅಲ್ಲಿಗೆ ತಲುಪದವರು ಅರ್ಧ ದಾರಿಯಲ್ಲಿ ನಿಂತವರು ಅನ್ನಿಸುತ್ತದೆ. ಆಮೇಲೆ ಬಂದ ರಾಕ್‌ಕ್ವೆಮೋರ್ ಮತ್ತು ಬ್ರನ್ಸ್‌ಮಾ ಜನ ನಿಜವಾಗಿ ಏನು ಹೇಳುತ್ತಾರೆ ಎಂದು ಕೇಳಿದರು. ಕೆಲವರು ಒಂದೇ ಅನ್ನುತ್ತಾರೆ, ಕೆಲವರು ಎರಡೂ ಸೇರಿದ ಮೂರನೆಯದು ಅನ್ನುತ್ತಾರೆ, ಕೆಲವರು ಜಾಗಕ್ಕೆ ತಕ್ಕಂತೆ ಬದಲಾಗುತ್ತಾರೆ, ಕೆಲವರು ಈ ಲೆಕ್ಕವೇ ನನಗೆ ಬೇಡ ಅನ್ನುತ್ತಾರೆ. ಇವು ಮೆಟ್ಟಿಲುಗಳಲ್ಲ. ಯಾವುದರಲ್ಲಿ ಬೇಕಾದರೂ ಒಬ್ಬರು ನೆಮ್ಮದಿಯಾಗಿರಬಹುದು.

---

ಅರವತ್ತೆರಡು

ನನ್ನ ಕಥೆ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನಾನು ಐವತ್ತು ವರ್ಷ ಒಂದೇ ಅಂದುಕೊಂಡು ಬದುಕಿದವನು. ತಾಯಿ ತೀರಿಕೊಂಡ ಮೇಲೆ ಅವರ ಹಳೆಯ ಕಾಗದಗಳು ಸಿಕ್ಕವು, ನನಗೆ ಓದಲು ಬರದ ಲಿಪಿಯಲ್ಲಿ. ಅಮ್ಮನ ಕೈಬರಹವೇ, ಅಮ್ಮ ನನಗೆಂದೇ ಬರೆದದ್ದೋ ಇನ್ನಾರಿಗೋ ಬರೆದದ್ದೋ ಗೊತ್ತಿಲ್ಲ. ಒಬ್ಬರ ಹತ್ತಿರ ಓದಿಸಬಹುದಿತ್ತು, ಮನಸ್ಸು ಬರಲಿಲ್ಲ. ಅಕ್ಷರ ಕಲಿಯಲು ಕೂತೆ. ಎರಡು ವರ್ಷ ಹಿಡಿಯಿತು. ಹೆಚ್ಚಿನವು ದಿನದ ಲೆಕ್ಕಗಳು, ತಂಗಿಗೆ ಬರೆದು ಅಂಚೆಗೆ ಹಾಕದ ಎರಡು ಕಾಗದ.

ಈಗ ಯಾರಾದರೂ ಕೇಳಿದರೆ ಎರಡೂ ಅನ್ನುತ್ತೇನೆ. ಆದರೆ ನನ್ನ ತಾಯಿಯ ಕಡೆಯವರು ನನ್ನನ್ನು ತಮ್ಮವನು ಅಂದುಕೊಳ್ಳುವುದಿಲ್ಲ, ಅಂದುಕೊಳ್ಳಲಿ ಎಂದು ನಾನು ಕೇಳಿಯೂ ಇಲ್ಲ. ಅದು ಹಾಗೇ ಇದೆ.

---

ಎರಡುಮನೆ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಬರೆಯಲಿಲ್ಲ. ನಿನ್ನೆ ರಾತ್ರಿ ತಮ್ಮನ ಜೊತೆ ತುಂಬಾ ಹೊತ್ತು ಮಾತಾಡಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳದೆ, ಅಮ್ಮನ ಕಡೆಯವರ ಬಗ್ಗೆ ನಿನಗೆ ಮೊದಲು ನೆನಪಾಗುವುದೇನು ಎಂದು ಕೇಳಿದೆ.

ಅವನಿಗೆ ಹನ್ನೆರಡು ವರ್ಷ, ನನಗೆ ಹದಿನಾರು. ಸೋದರಮಾವನ ಮಗಳ ಮದುವೆ. ಅಮ್ಮನ ಕಡೆಯ ಹುಡುಗರೆಲ್ಲ ಕೂತಿದ್ದರು. ಒಬ್ಬ ಇವನಿಗೆ ಒಂದು ವಾಕ್ಯ ಹೇಳಿ ತಿರುಗಿ ಹೇಳು ಅಂದ. ಇವನು ಹೇಳಿದ, ಉಚ್ಚಾರ ತಪ್ಪಾಯಿತು, ನಕ್ಕರು. ಇನ್ನೊಂದು ಕೊಟ್ಟರು, ಮತ್ತೆ ನಕ್ಕರು. ಅಷ್ಟರಲ್ಲಿ ಅಲ್ಲಿಗೆ ನಾನು ಬಂದೆ. ಅವನನ್ನು ಕಾಪಾಡಬೇಕು ಅಂದುಕೊಂಡು ಅವನ ಬದಲು ನಾನೇ ಆ ವಾಕ್ಯ ಸರಿಯಾಗಿ ಹೇಳಿದೆ. ಅವರೆಲ್ಲ ಚಪ್ಪಾಳೆ ತಟ್ಟಿದರು. "ಅಕ್ಕ ನಮ್ಮವಳು" ಅಂದರು.

ನನಗೆ ಆ ಮದುವೆ ನೆನಪಿದೆ, ಚಪ್ಪಾಳೆ ನೆನಪಿದೆ. ಅವನ ಮುಖ ಹೇಗಿತ್ತು ಅನ್ನುವುದು ಒಂಚೂರೂ ನೆನಪಿಲ್ಲ. ಹದಿನೈದು ವರ್ಷ ಅದನ್ನು ನಾನು ಸಿಹಿ ನೆನಪು ಎಂದೇ ಇಟ್ಟುಕೊಂಡಿದ್ದೆ. ಏನಾದರೂ ಆಗಿತ್ತಾ ಅಂದರೆ "ನೆನಪಾಗುತ್ತಿಲ್ಲ" ಎಂದು ಇಲ್ಲೇ ಮೇಲೆ ಬರೆದಿದ್ದೇನೆ ನೋಡಿ.

ಆಮೇಲೆ ಅಮ್ಮನ ಹತ್ತಿರ ಕೂತು ಕೇಳಿದೆ, ಅವನಿಗೆ ಯಾಕೆ ನಿನ್ನ ಭಾಷೆ ಬರಲಿಲ್ಲ ಅಂತ. ಅಜ್ಜಿ ಹೋದದ್ದು ಒಂದು ಕಾರಣ. ಅದಕ್ಕಿಂತ ಮೊದಲೇ ಇನ್ನೊಂದಾಗಿತ್ತು ಅಂದರು. ನಾನು ಶಾಲೆಗೆ ಸೇರಿದಾಗ ತಮ್ಮನಿಗೆ ಒಂದು ವರ್ಷ. ಶಾಲೆಯಿಂದ ಬಂದವಳು ಅವನ ಜೊತೆ ಆಡುವಾಗ ಶಾಲೆಯ ಭಾಷೆಯನ್ನೇ ಆಡುತ್ತಿದ್ದೆನಂತೆ. ಟೀಚರ್ ಆಟ ಆಡಿಸುತ್ತಿದ್ದೆ, ಅವನು ನನ್ನ ವಿದ್ಯಾರ್ಥಿ. ಅವನ ಮೊದಲ ವಾಕ್ಯಗಳೆಲ್ಲ ನನ್ನಿಂದ ಕಲಿತದ್ದು. ಅಮ್ಮ ತಮ್ಮ ಭಾಷೆಯಲ್ಲಿ ಕೇಳಿದರೆ ಅವನು ನನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದ. ಅದೇ ವರ್ಷ ಶಾಲೆಯಲ್ಲಿ ಯಾರೋ ಅಮ್ಮನಿಗೆ ಹೇಳಿದ್ದರು, ಮನೆಯಲ್ಲಿ ಎರಡು ಭಾಷೆ ಬೇಡ, ಮಕ್ಕಳು ಹಿಂದೆ ಬೀಳುತ್ತಾರೆ ಎಂದು. ಅಮ್ಮ ನಂಬಿದರು. ಅಜ್ಜಿ ಇರುವವರೆಗೆ ನನಗೆ ಆ ಭಾಷೆ ಉಳಿಯಿತು. ಅವನ ಪಾಲಿಗೆ ಉಳಿಯಲಿಲ್ಲ.

ಅಮ್ಮನನ್ನು ಅಳಿಸಿದೆ ಎಂದು ಅವನಿಗೆ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡೆ, ಅವನ ಎದುರಿಗೇ.

---

ಕೇಳುವಕಿವಿ

ಎರಡುಮನೆ, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ, ನೀವು ಐದು ವರ್ಷದ ಮಗು. ಇದು ಎರಡು ಭಾಷೆಯ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮೊದಲ ಮಗು ಶಾಲೆಗೆ ಹೋಗುವವರೆಗೆ ಮನೆಯ ಭಾಷೆ ಉಳಿದಿರುತ್ತದೆ. ಮೊದಲ ಮಗು ಶಾಲೆಯ ಭಾಷೆಯನ್ನು ಮನೆಯೊಳಗೆ ತರುತ್ತದೆ, ಒಡಹುಟ್ಟಿದವರ ನಡುವೆ ಅದೇ ಆಟದ ಭಾಷೆಯಾಗುತ್ತದೆ. ಎರಡನೆಯ ಮಗು ಹುಟ್ಟುವ ಮನೆ ಮೊದಲ ಮಗು ಹುಟ್ಟಿದ ಮನೆಯೇ ಆಗಿರುವುದಿಲ್ಲ. ನಿಮ್ಮ ತಮ್ಮ ಹೇಳಿದ್ದು ಅದನ್ನೇ.

ಅವನ ವಿಷಯದಲ್ಲಿ ದೂರ ಮೊದಲು ಬಂದಿದೆ, ತಿಕ್ಕಾಟ ಆಮೇಲೆ ಅದರ ಮೇಲೆ ಬೆಳೆದಿದೆ. ಭಾಷೆ ಇಲ್ಲದ್ದರಿಂದ ಪರೀಕ್ಷೆಯಲ್ಲಿ ಸೋತ, ಸೋತದ್ದರಿಂದ ಆ ಕಡೆ ಹೋಗುವುದನ್ನೇ ಬಿಟ್ಟ, ಹೋಗದ್ದರಿಂದ ಭಾಷೆ ಇನ್ನೂ ದೂರವಾಯಿತು. ಜೊತೆಗೆ ಅವನ ಚಹರೆ ಅಪ್ಪನದು. ಅವನು ಬಿಟ್ಟುಬಿಟ್ಟರೆ ಹೊರಗಿನವರು ಯಾರೂ ನೆನಪಿಸುವುದಿಲ್ಲ. ನಿಮ್ಮನ್ನು ಪ್ರತಿಸಲ ಕೇಳುತ್ತಾರೆ, ಹಾಗಾಗಿ ನೀವು ಉತ್ತರ ತಯಾರಿಟ್ಟುಕೊಳ್ಳಲೇಬೇಕಾಯಿತು.

ಒಂದು ಎಚ್ಚರಿಕೆ. ಕಾರಣ ಸಿಕ್ಕಿತು ಅಂದಮಾತ್ರಕ್ಕೆ ಅವನನ್ನು ಈಗ ಎರಡೂ ಕಡೆಯವನನ್ನಾಗಿ ಮಾಡಲು ಹೊರಡಬೇಡಿ. ಅವನು 27 ವರ್ಷ ಒಂದು ಬದುಕು ಕಟ್ಟಿಕೊಂಡಿದ್ದಾನೆ. ಭಾಷೆ ಕಲಿಯಬೇಕು ಅನ್ನಿಸಿದರೆ ಅವನೇ ಹೇಳಲಿ, ಅದೂ ತಪ್ಪು ತಿದ್ದದ, ನಗದ ಒಬ್ಬರೇ ಒಬ್ಬರ ಎದುರಿಗೆ ಶುರುವಾಗಲಿ. ನೆಂಟರ ಗುಂಪಿನಲ್ಲಿ ಬೇಡವೇ ಬೇಡ.

---

ಹೊಸಿಲಾಚೆ

ಆ ಚಪ್ಪಾಳೆಯ ಭಾಗ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಅಣ್ಣನಿಗೂ ನನಗೂ ಹೀಗೇ ಒಂದು ದಿನ ಇದೆ. ಚಪ್ಪಾಳೆ ಅವನಿಗೆ ಬಿದ್ದಿತ್ತು. ಅವನಿಗೆ ಅದು ನೆನಪಿದೆಯೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಿಲ್ಲ.

ಆದರೂ ನನ್ನ ಮಾತು ಬದಲಾಗಿಲ್ಲ. ನಿಮ್ಮ ತಮ್ಮ ಭಾಷೆ ಕಲಿತರೆ ಬಾಗಿಲು ತೆರೆಯಬಹುದು. ನನಗೆ ಭಾಷೆ ಇದ್ದೂ ತೆರೆಯಲಿಲ್ಲ.

---

ಪುಟ್ಟಿಯಮ್ಮ

ಎಲ್ಲ ಓದಿದೆ. ಮೊದಲ ಸಲ ಬರೆದಾಗ ಪ್ರಶ್ನೆಯನ್ನೇ ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ, ಕ್ಷಮಿಸಿ. ಈಗ ನನ್ನ ಪ್ರಶ್ನೆ ಬೇರೆ. ನನಗೆ ಎರಡನೆಯದು ಐದು ತಿಂಗಳು. ಹುಟ್ಟುವ ಹೊತ್ತಿಗೆ ದೊಡ್ಡವಳಿಗೆ ಮೂರು ತುಂಬುತ್ತದೆ, ಆಮೇಲೆ ಶಾಲೆ. ಎರಡನೆಯದಕ್ಕೂ ನನ್ನ ಭಾಷೆ ಸಿಗಬೇಕು ಅಂದರೆ ಏನು ಮಾಡಲಿ? ನನ್ನ ಕಡೆಯವರು ಯಾರೂ ಹತ್ತಿರದಲ್ಲಿಲ್ಲ.

---

ಕೇಳುವಕಿವಿ

ಒಳ್ಳೆಯ ಸಮಯದಲ್ಲಿ ಕೇಳಿದಿರಿ. ದೊಡ್ಡವಳ ಶಾಲೆ ಶುರುವಾಗುವ ಮೊದಲೇ, ಇಬ್ಬರು ಮಕ್ಕಳೂ ಸೇರಿ ಮಾಡುವ ದಿನದ ಒಂದು ಕೆಲಸವನ್ನು ನಿಮ್ಮ ಭಾಷೆಗೆ ಮೀಸಲಿಡಿ. ಸ್ನಾನವಾಗಲಿ, ಮಲಗುವ ಹೊತ್ತಿನ ಕಥೆಯಾಗಲಿ, ದಿನಾ ತಪ್ಪದೆ ಬರುವಂಥದ್ದು. ನೀವು ಮಗುವಿಗೆ ಆಡುವುದಷ್ಟೇ ಸಾಲದು, ಆ ಭಾಷೆಯನ್ನೇ ಆಡಬೇಕಾದ ಇನ್ನೊಬ್ಬರು ಬೇಕು. ಎರಡುಮನೆ ಅವರಿಗೆ ಅಜ್ಜಿ ಇದ್ದ ಹಾಗೆ. ದೂರದಲ್ಲಿದ್ದರೂ ಫೋನಿನಲ್ಲಿ ವಾರಕ್ಕೆ ಎರಡು ಮೂರು ಸಲ, ಬೇರೆ ಭಾಷೆ ಬರದವರೇ ಆದರೆ ಇನ್ನೂ ಒಳ್ಳೆಯದು. ಮಗು ಶಾಲೆಯ ಭಾಷೆಯಲ್ಲಿ ಉತ್ತರ ಕೊಟ್ಟರೆ ಗದರಬೇಡಿ, ಅದೇ ಮಾತನ್ನು ನಿಮ್ಮ ಭಾಷೆಯಲ್ಲಿ ಹೇಳಿ ಮುಂದೆ ಹೋಗಿ. ಇಷ್ಟು ಮಾಡಿದರೂ ಎರಡನೆಯ ಮಗುವಿಗೆ ಮೊದಲನೆಯವಳಷ್ಟು ಬರದಿರಬಹುದು. ಬಂದಷ್ಟನ್ನು ನೆಂಟರು ಯಾರೂ ಪರೀಕ್ಷೆ ಮಾಡದ ಹಾಗೆ ನೋಡಿಕೊಳ್ಳಿ.

---

ಎರಡುಮನೆ

ಇನ್ನೊಂದು ವಿಷಯ ಹೇಳುವುದು ಮರೆತೆ. ನಿನ್ನೆ ತಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ. ಅಮ್ಮ ರಾತ್ರಿ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಅವನು ಪಕ್ಕದ ಕೋಣೆಯಲ್ಲಿ ದೀಪ ಆರಿಸಿ ಕೇಳಿಸಿಕೊಳ್ಳುತ್ತಿದ್ದನಂತೆ, ಹೈಸ್ಕೂಲಿನಿಂದಲೂ. ಮುಕ್ಕಾಲು ಅರ್ಥವಾಗುತ್ತದೆ ಅಂದ. ಅಮ್ಮನಿಗೆ ಅದು ಗೊತ್ತಿಲ್ಲ. ನಾನು ಹೇಳಲೇ ಅಂದೆ. ಬೇಡ, ಇನ್ನೂ ಬೇಡ ಅಂದ.